ರೋಗ ಅಪರೂಪ, ಬರೋಕೆ ಮೂವತ್ತು ವರ್ಷ: ಯಾವ ಸ್ಟಡಿ ಡಿಸೈನ್ ಹಿಡಿಯಬೇಕು?

ಓದುಗರ ಪ್ರಶ್ನೆ: ನಾನು ಕಮ್ಯುನಿಟಿ ಮೆಡಿಸಿನ್ ಪಿಜಿ ವಿದ್ಯಾರ್ಥಿ. ರೋಗ ಅಪರೂಪದ್ದಾದರೆ ಕೇಸ್-ಕಂಟ್ರೋಲ್ ಮಾಡಿ ಅಂತ ಪುಸ್ತಕ ಹೇಳುತ್ತದೆ. ಕಾರಣ ಮೊದಲು, ರೋಗ ಆಮೇಲೆ ಅಂತ ತೋರಿಸಬೇಕಾದರೆ ಕೋಹಾರ್ಟೇ ಸರಿ ಅಂತ ಸೀನಿಯರ್ ಹೇಳುತ್ತಾರೆ. ರೋಗ ಅಪರೂಪವೂ ಆಗಿ, ಬರೋಕೆ ಹತ್ತಾರು ವರ್ಷ ತೆಗೆದುಕೊಳ್ಳುವಂಥದ್ದೂ ಆದರೆ ಯಾರ ಮಾತು ಕೇಳಲಿ? ಒಂದು ಕ್ರಾಸ್-ಸೆಕ್ಷನಲ್ ಸರ್ವೆ ಮಾಡಿ ಮುಗಿಸಬಾರದಾ?

ಉತ್ತರ: ಹೆಚ್ಚಿನ ಸಲ ಪುಸ್ತಕದ ಮಾತೇ ಸರಿ, ಕೇಸ್-ಕಂಟ್ರೋಲ್. ಆದರೆ ನಿಮ್ಮ ಸೀನಿಯರ್ ಮಾತಿಗೂ ಬೆಲೆಯಿದೆ, ಅದು ಎಲ್ಲಿ ಅಂತ ಮುಂದೆ ಹೇಳುತ್ತೇನೆ. ಇದನ್ನು ನೋಡೋಕೆ ಮೀಸೋಥೀಲಿಯೋಮಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಶ್ವಾಸಕೋಶವನ್ನು ಸುತ್ತಿರುವ ಪೊರೆಗೆ ಅಥವಾ ಹೊಟ್ಟೆಯ ಒಳಪದರಕ್ಕೆ ಬರುವ ಕ್ಯಾನ್ಸರ್ ಇದು. ಆಸ್ಬೆಸ್ಟಾಸ್ ಧೂಳು ಮೈಯೊಳಗೆ ಹೋದ ಮೇಲೆ ರೋಗ ಕಾಣಿಸಿಕೊಳ್ಳೋಕೆ ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು. ಬಂದ ಮೇಲೆ ಹೆಚ್ಚಿನವರು ಬದುಕುವುದು ಒಂದು ವರ್ಷದ ಆಸುಪಾಸು ಮಾತ್ರ.

ಮೊದಲು ಸರ್ವೆ ವಿಷಯ ಮುಗಿಸೋಣ. ಒಂದು ಊರಲ್ಲಿ ಈ ರೋಗ ವರ್ಷಕ್ಕೆ ಹತ್ತು ಲಕ್ಷಕ್ಕೆ 10 ಜನಕ್ಕೆ ಬರುತ್ತದೆ ಎಂದುಕೊಳ್ಳಿ. ರೋಗಿ ಒಂದು ವರ್ಷ ಬದುಕಿದರೆ, ಯಾವುದೇ ಒಂದು ದಿನ ಹತ್ತು ಲಕ್ಷ ಜನರಲ್ಲಿ ಸುಮಾರು 10 ರೋಗಿಗಳಿರುತ್ತಾರೆ. ನೀವು 10,000 ಜನರ ಸರ್ವೆ ಮಾಡಿದರೆ ಒಬ್ಬ ರೋಗಿಯೂ ಸಿಗದಿರುವ ಸಾಧ್ಯತೆಯೇ ಜಾಸ್ತಿ. ಸಿಕ್ಕರೂ ಅವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದವರು, ಬೇಗ ತೀರಿಕೊಂಡವರು ನಿಮ್ಮ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲದೆ ಸರ್ವೆಯಲ್ಲಿ ಸಾಮಾನ್ಯವಾಗಿ ಕೇಳುವುದು ಈಗಿನ ಕೆಲಸ. ರೋಗ ತಂದ ಕೆಲಸವನ್ನು ಆ ಮನುಷ್ಯ ಬಿಟ್ಟು ಮೂವತ್ತು ವರ್ಷ ಆಗಿರಬಹುದು.

ಇನ್ನು ಮುಂದಕ್ಕೆ ನೋಡುವ ಕೋಹಾರ್ಟ್. ಅದೇ ಊರಿನ 10,000 ಆರೋಗ್ಯವಂತರನ್ನು 30 ವರ್ಷ ಬಿಡದೆ ಗಮನಿಸಿದಿರಿ ಅನ್ನಿ. ಅದು 3 ಲಕ್ಷ ಜನ-ವರ್ಷ. ಸಿಗುವ ರೋಗಿಗಳು ಸುಮಾರು 3. ಅಷ್ಟರಲ್ಲಿ ನೀವು ರಿಟೈರ್ ಆಗಿರುತ್ತೀರಿ, ಅರ್ಧ ಜನ ಊರು ಬಿಟ್ಟಿರುತ್ತಾರೆ. ಮೂರು ಜನರನ್ನು ಇಟ್ಟುಕೊಂಡು ಏನೂ ಹೇಳೋಕಾಗಲ್ಲ.

ಹಾಗಾದರೆ ರೋಗಿಗಳಿಂದಲೇ ಶುರು ಮಾಡಬೇಕು. 1965ರಲ್ಲಿ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಪ್ರಕಟಿಸಿದ ಅಧ್ಯಯನ ಮಾಡಿದ್ದು ಇದನ್ನೇ. ಲಂಡನ್ ಹಾಸ್ಪಿಟಲ್‌ನ ದಾಖಲೆಗಳಲ್ಲಿ ಸಿಕ್ಕ ಮೀಸೋಥೀಲಿಯೋಮ ರೋಗಿಗಳಲ್ಲಿ 76 ಜನರ ಕೆಲಸದ ಮತ್ತು ವಾಸದ ಪೂರ್ತಿ ಇತಿಹಾಸ ಕಲೆಹಾಕಿದರು. ಎಷ್ಟೋ ರೋಗಿಗಳು ಆಗಲೇ ತೀರಿಕೊಂಡಿದ್ದರಿಂದ ಮನೆಯವರನ್ನು ಹುಡುಕಿ ಕೇಳಬೇಕಾಯಿತು. ಹೋಲಿಕೆಗೆ ಅದೇ ಆಸ್ಪತ್ರೆಯ ಬೇರೆ ಒಳರೋಗಿಗಳನ್ನು, ವಯಸ್ಸು ಮತ್ತು ಲಿಂಗ ಹೊಂದುವಂತೆ, ಅಷ್ಟೇ ಸಂಖ್ಯೆಯಲ್ಲಿ ಆರಿಸಿದರು.

ಕೇಸ್‌ಗಳಲ್ಲಿ 40 ಜನ ಆಸ್ಬೆಸ್ಟಾಸ್ ಕೆಲಸ ಮಾಡಿದವರು, ಇಲ್ಲವೇ ಆ ಕೆಲಸದವರ ಜೊತೆ ಒಂದೇ ಮನೆಯಲ್ಲಿ ಇದ್ದವರು. ಉಳಿದವರು 36. ಕಂಟ್ರೋಲ್‌ಗಳಲ್ಲಿ ಅಂಥವರು 9, ಉಳಿದವರು 67. ಆಡ್ಸ್ ರೇಶಿಯೋ ಅಂದರೆ 40ನ್ನು 67ರಿಂದ ಗುಣಿಸಿ, ಅದನ್ನು 36 ಮತ್ತು 9ರ ಗುಣಲಬ್ಧದಿಂದ ಭಾಗಿಸುವುದು: 2680 ಭಾಗಿಸು 324, ಸುಮಾರು 8.3. ಜೋಡಿ ಹೊಂದಿಸಿದ ಅಧ್ಯಯನಕ್ಕೆ ನಿಜವಾಗಿ ಜೋಡಿವಾರು ಲೆಕ್ಕ ಮಾಡಬೇಕು, ಇದು ಒರಟು ಲೆಕ್ಕ. ರೋಗ ಅಪರೂಪವಾದ್ದರಿಂದ ಈ ಆಡ್ಸ್ ರೇಶಿಯೋವನ್ನು ರಿಲೇಟಿವ್ ರಿಸ್ಕ್ ಎಂದೇ ಓದಬಹುದು. ಅಪರೂಪದ ರೋಗ ಕೋಹಾರ್ಟ್‌ಗೆ ತೊಡಕು, ಕೇಸ್-ಕಂಟ್ರೋಲ್‌ಗೆ ಅನುಕೂಲ.

ಆದರೆ ರೋಗ ಬರೋಕೆ ಹಿಡಿಯುವ ದೀರ್ಘ ಕಾಲ ಇಲ್ಲೂ ಕಾಡುತ್ತದೆ. ಸಂಪರ್ಕ ಆದದ್ದು ಯಾವಾಗಲೋ, ಕೇಳುತ್ತಿರುವುದು ಈಗ. ಕ್ಯಾನ್ಸರ್ ಬಂದವರ ಮನೆಯವರು ಕಾರಣ ಹುಡುಕಿ ಹುಡುಕಿ ಹಳೆಯದನ್ನೆಲ್ಲ ಕೆದಕಿರುತ್ತಾರೆ. ಕೈ ಮುರಿದು ಆಸ್ಪತ್ರೆಗೆ ಬಂದವರಿಗೆ ಅದರ ಅಗತ್ಯವೇ ಇರಲ್ಲ. ಇದರಿಂದ ಸಂಬಂಧ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣಬಹುದು. ಹಾಗಾಗಿ ಆ ಅಧ್ಯಯನದಲ್ಲಿ ನನಗೆ ತುಂಬಾ ಇಷ್ಟವಾಗುವುದು ವಿಳಾಸದ ಭಾಗ. ಕೆಲಸದ ಅಥವಾ ಮನೆಯ ಸಂಪರ್ಕ ಇಲ್ಲದ ಆ 36 ಜನರಲ್ಲಿ 11 ಮಂದಿ ಆಸ್ಬೆಸ್ಟಾಸ್ ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಾಗಿದ್ದರು. ಕಂಟ್ರೋಲ್‌ಗಳಲ್ಲಿ ಅಂಥವರು 5 ಮಂದಿ ಮಾತ್ರ. ಧೂಳಿನ ನೆನಪು ಮಾಸಬಹುದು, ಯಾವ ಬೀದಿಯಲ್ಲಿ ಮನೆ ಇತ್ತು ಅನ್ನೋದು ಅಷ್ಟು ಸುಲಭವಾಗಿ ಮರೆಯಲ್ಲ. ದೂರವನ್ನು ನಕ್ಷೆಯಲ್ಲಿ ಅಳೆಯುವವರು ಅಧ್ಯಯನದವರು, ರೋಗಿಯ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ. ಮನೆಯೊಳಗಿನ ಸಂಪರ್ಕದ ಪ್ರಶ್ನೆಯೂ ಹಾಗೇ ಖಚಿತವಾದದ್ದು: ಗಂಡನ ಕೆಲಸದ ಬಟ್ಟೆಯನ್ನು ಮನೆಯಲ್ಲೇ ಒಗೆಯುತ್ತಿದ್ದಿರಾ? "ಆಸ್ಬೆಸ್ಟಾಸ್ ಮುಟ್ಟಿದ್ದೀರಾ?" ಅಂತ ಕೇಳಿದ್ದರೆ ಆ ಹೆಂಗಸರು ಇಲ್ಲ ಅಂದುಬಿಡುತ್ತಿದ್ದರು.

ಎರಡನೇ ಗುಂಡಿ ಕಂಟ್ರೋಲ್ ಆಯ್ಕೆ. ಇದಕ್ಕೆ ಒಂದು ಕಲ್ಪಿತ ಲೆಕ್ಕ ಮಾಡಿ ನೋಡಿ. ಸುಲಭಕ್ಕೆ ಸಿಗುತ್ತಾರೆ ಅಂತ ಕಂಟ್ರೋಲ್‌ಗಳನ್ನೆಲ್ಲ ಎದೆರೋಗದ ವಾರ್ಡಿನಿಂದ ತೆಗೆದುಕೊಂಡಿರಿ ಅನ್ನಿ. ಅಲ್ಲಿ ಆಸ್ಬೆಸ್ಟೋಸಿಸ್ ಆದವರು, ಶ್ವಾಸಕೋಶದ ಕ್ಯಾನ್ಸರ್ ಆದವರು ಇರುತ್ತಾರೆ, ಅವೂ ಅದೇ ಧೂಳಿನಿಂದ ಬರಬಲ್ಲ ರೋಗಗಳು. ಸಂಪರ್ಕ ಇದ್ದವರು 9ರ ಬದಲು 25 ಆದರೆ ಉಳಿದವರು 51. ಈಗ 2040 ಭಾಗಿಸು 900, ಬರೀ 2.3. ಕೇಸ್‌ಗಳು ಅವೇ, ಕಾಯಿಲೆ ಅದೇ, ಉತ್ತರ ಮಾತ್ರ ಕಾಲು ಭಾಗಕ್ಕೆ ಇಳಿಯಿತು. ಅದಕ್ಕೇ ನೀವು ಅನುಮಾನಿಸುವ ಕಾರಣಕ್ಕೆ ಸಂಬಂಧಪಟ್ಟ ಬೇರೆ ರೋಗದವರನ್ನು ಕಂಟ್ರೋಲ್ ಮಾಡಲೇಬಾರದು. ಸಾಧ್ಯವಾದರೆ ಎರಡು ಬೇರೆ ಬೇರೆ ಕಡೆಯಿಂದ ಕಂಟ್ರೋಲ್ ತೆಗೆದು, ಎರಡೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವಾ ನೋಡಿ.

ಈಗ ನಿಮ್ಮ ಸೀನಿಯರ್ ಮಾತಿಗೆ ಬರೋಣ. ಸಂಪರ್ಕವೂ ಜನಸಾಮಾನ್ಯರಲ್ಲಿ ಅಪರೂಪವಾಗಿದ್ದು, ಒಂದೇ ವೃತ್ತಿಯಲ್ಲಿ ದಟ್ಟವಾಗಿದ್ದರೆ, ಜೊತೆಗೆ ಹಳೆಯ ದಾಖಲೆ ಉಳಿದಿದ್ದರೆ, ಕೋಹಾರ್ಟ್‌ಗಾಗಿ 30 ವರ್ಷ ಕಾಯಬೇಕಿಲ್ಲ. ಅಮೆರಿಕ ಮತ್ತು ಕೆನಡಾದ ಇನ್ಸುಲೇಷನ್ ಕೆಲಸಗಾರರ ಯೂನಿಯನ್ ಪಟ್ಟಿ ಹಿಡಿದು ಇರ್ವಿಂಗ್ ಸೆಲಿಕಾಫ್ ತಂಡ 17,800 ಜನರನ್ನು 1967ರಿಂದ 1976ರವರೆಗೆ ಗಮನಿಸಿತು. ಅವರಲ್ಲಿ ಎಷ್ಟೋ ಜನ ಕೆಲಸಕ್ಕೆ ಸೇರಿ ಆಗಲೇ ದಶಕಗಳಾಗಿದ್ದವು. ಕಾಯುವ ಕಾಲದ ಬಹುಭಾಗ ಅಧ್ಯಯನ ಶುರುವಾಗುವ ಮೊದಲೇ ಕಳೆದಿತ್ತು. ಆ ಹತ್ತು ವರ್ಷದಲ್ಲಿ 2,271 ಜನ ತೀರಿಕೊಂಡರು, ಅದರಲ್ಲಿ 175 ಸಾವು ಮೀಸೋಥೀಲಿಯೋಮದಿಂದ. ನೂರು ಸಾವಿನಲ್ಲಿ ಸುಮಾರು ಎಂಟು! ಈ ಕೆಲಸದವರಿಗೆ ಅಪಾಯ ನಿಜಕ್ಕೂ ಎಷ್ಟು, ಸೇರಿ ಎಷ್ಟು ವರ್ಷಕ್ಕೆ ಏರುತ್ತದೆ ಅನ್ನೋದನ್ನು ಕೋಹಾರ್ಟ್ ನೇರವಾಗಿ ಹೇಳುತ್ತದೆ. ಕೇಸ್-ಕಂಟ್ರೋಲ್‌ನಿಂದ ಅದು ತಾನಾಗಿ ಸಿಗುವುದಿಲ್ಲ.

ಆದ್ದರಿಂದ ಡಿಸೈನ್ ತೀರ್ಮಾನಿಸುವ ಮೊದಲು ಹಳೆಯ ಸಂಪರ್ಕದ ಸಾಕ್ಷ್ಯ ಎಲ್ಲಿದೆ ಅಂತ ಹುಡುಕಿ. ಹಾಜರಿ ಪುಸ್ತಕ, ಪಿಎಫ್ ದಾಖಲೆ, ಯೂನಿಯನ್ ಪಟ್ಟಿಯಂಥದ್ದು ಸಿಕ್ಕಿ, ಸತ್ತವರ ಸಾವಿನ ಕಾರಣವೂ ತಿಳಿಯುವಂತಿದ್ದರೆ ಹಿಂದಿನಿಂದ ಶುರುವಾಗುವ ಕೋಹಾರ್ಟ್ ಮಾಡಿ. ಸಿಗದಿದ್ದರೆ ಕೇಸ್-ಕಂಟ್ರೋಲ್. ಪಿಜಿ ಥೀಸಿಸ್‌ನ ಸಮಯದಲ್ಲಿ ಸಾಮಾನ್ಯವಾಗಿ ಆಗುವುದು ಇದೇ.

ಯಾವುದನ್ನೇ ಹಿಡಿದರೂ ಪ್ರೋಟೋಕಾಲ್‌ನಲ್ಲಿ ಒಂದು ಸಾಲು ಮೊದಲೇ ಬರೆದಿಡಿ: ರೋಗ ಪತ್ತೆಯಾಗುವ ಹಿಂದಿನ ಎಷ್ಟು ವರ್ಷದ ಸಂಪರ್ಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ. ಕಳೆದ ಐದು ವರ್ಷದಲ್ಲಿ ಆಸ್ಬೆಸ್ಟಾಸ್ ಕೆಲಸಕ್ಕೆ ಸೇರಿದವನ ಮೀಸೋಥೀಲಿಯೋಮಕ್ಕೆ ಆ ಕೆಲಸ ಕಾರಣವಾಗಿರಲು ಸಾಧ್ಯವಿಲ್ಲ. ಆ ವರ್ಷಗಳನ್ನೂ ಸೇರಿಸಿದರೆ ನಿಜವಾದ ಸಂಬಂಧ ಸಾಮಾನ್ಯವಾಗಿ ತೆಳುವಾಗುತ್ತದೆ. ಕಂಟ್ರೋಲ್‌ಗೂ ಇದೇ ನಿಯಮ: ಜೊತೆಗಾರ ಕೇಸ್‌ನ ರೋಗ ಪತ್ತೆಯಾದ ದಿನದಿಂದಲೇ ಹಿಂದಕ್ಕೆ ಎಣಿಸಿ. ಸಂದರ್ಶನ ಮಾಡಿದ ದಿನದಿಂದ ಎಣಿಸಿದರೆ ಕಂಟ್ರೋಲ್‌ಗಳಿಗೆ ಸುಮ್ನೆ ಒಂದಷ್ಟು ವರ್ಷ ಜಾಸ್ತಿ ಸಿಕ್ಕಿಬಿಡುತ್ತದೆ.