ಅಮೈಲೇಸ್, ಲೈಪೇಸ್: ನಾಲ್ಕನೇ ದಿನ ಬಂದ ಹೊಟ್ಟೆನೋವು

ಶಿವಮೊಗ್ಗದಲ್ಲಿ ಜುಲೈ ಮಳೆ ಜೋರಾಗಿದ್ದ ಒಂದು ಗುರುವಾರ ಬೆಳಗ್ಗೆ ನಮ್ಮ ಲ್ಯಾಬಿಗೆ ಗಂಡ ಹೆಂಡತಿ ಬಂದರು. ಹೊಸನಗರದ ಕಡೆಯವರು, ಅಡಿಕೆ ತೋಟ ಇದೆ. ಗಂಡನಿಗೆ ಐವತ್ತರ ಆಸುಪಾಸು. ಬೆಂಚಿನ ಮೇಲೆ ಕೂತ ಅವರು ಹಿಂದಕ್ಕೆ ಒರಗಲಿಲ್ಲ. ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೇ ಇದ್ದರು.

"ಭಾನುವಾರ ಗೃಹಪ್ರವೇಶದಲ್ಲಿ ಊಟ ಮಾಡಿ ಬಂದ್ರು. ರಾತ್ರಿಯಿಂದ ಶುರು. ಗ್ಯಾಸು ಅಂತ ಜೀರಿಗೆ ಕಷಾಯ ಕುಡಿದ್ರು. ಆಮೇಲೆ ಮಳೆ ಕಡಿಮೆ ಆಗ್ಲಿ ಅಂತ ಕೂತ್ರು," ಅಂದರು ಹೆಂಡತಿ.

ಡಾಕ್ಟರ ಚೀಟಿಯಲ್ಲಿ ಒಂದೇ ಪರೀಕ್ಷೆ ಬರೆದಿತ್ತು: ಸೀರಮ್ ಅಮೈಲೇಸ್, ಅಂದರೆ ರಕ್ತದ ತಿಳಿಯಲ್ಲಿ ಅಮೈಲೇಸ್ ಎಷ್ಟಿದೆ ಅಂತ. ಫಲಿತಾಂಶ ಲೀಟರ್‌ಗೆ 126 ಯುನಿಟ್ ಬಂತು. ನಮ್ಮ ಕಿಟ್‌ನಲ್ಲಿ 100ರವರೆಗೆ ಸಾಮಾನ್ಯ. ಅಂದರೆ ಸ್ವಲ್ಪ ಜಾಸ್ತಿ, ಅಷ್ಟೇ. ಚೀಟಿ ನೋಡಿ ಸುಮ್ನೆ ಕಳಿಸಿಬಿಡಬಹುದಾದ ಸಂಖ್ಯೆ. ಆದರೆ ಹೆಂಡತಿ ಹೇಳಿದ 'ಭಾನುವಾರ' ನನ್ನ ಕಿವಿಯಲ್ಲೇ ಇತ್ತು. ಡಾಕ್ಟರಿಗೆ ಫೋನ್ ಮಾಡಿದೆ. "ಸರ್, ನೋವು ಶುರುವಾಗಿ ನಾಲ್ಕು ದಿನ ಆಗಿದೆಯಂತೆ. ಅದೇ ಸೀರಮ್‌ನಲ್ಲಿ ಲೈಪೇಸ್ ಸೇರಿಸಲಾ?" ಅಂದೆ. ಮಾಡಿ ಅಂದರು. ಲೈಪೇಸ್ 612 ಬಂತು. ಅದರ ಮಿತಿ 60.

ಒಂದೇ ಟ್ಯೂಬಿನ ರಕ್ತ. ಒಂದು ಪರೀಕ್ಷೆ 'ಪರವಾಗಿಲ್ಲ' ಅಂತು, ಇನ್ನೊಂದು ಹತ್ತು ಪಟ್ಟು ಏರಿ ನಿಂತಿತ್ತು. ಇದು ಹೇಗೆ ಅಂತ ತಿಳಿಯಲು ಈ ಎರಡು ಪದಗಳ ಹಿಂದೆ ಏನಿದೆ ಅಂತ ನೋಡಬೇಕು.

ಅಮೈಲೇಸ್ ಅಂದರೆ ಪಿಷ್ಟವನ್ನು ಒಡೆಯುವ ಕಿಣ್ವ. ಗ್ರೀಕ್‌ನಲ್ಲಿ ಪಿಷ್ಟಕ್ಕಿರುವ ಪದದಿಂದ ಬಂದ ಹೆಸರು. ಬಾಲದಲ್ಲಿರುವ 'ಏಸ್' ಬಂದಿದ್ದು 'ಡಯಾಸ್ಟೇಸ್' ಎಂಬ ಹಳೆಯ ಹೆಸರಿನಿಂದ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಮೊಳಕೆ ಬಂದ ಬಾರ್ಲಿಯಿಂದ ಬೇರ್ಪಡಿಸಿದ ಕಿಣ್ವ ಅದು. ಈಗ ನಾವು ಅಮೈಲೇಸ್ ಅನ್ನುವುದೂ ಅದೇ ಜಾತಿಯದು. ಇದನ್ನು ನೋಡಲು ಲ್ಯಾಬು ಬೇಕಾಗಿಲ್ಲ. ಒಂದು ಹಿಡಿ ಗಟ್ಟಿ ಅವಲಕ್ಕಿಯನ್ನು ಬಾಯಿಗೆ ಹಾಕಿಕೊಂಡು, ನುಂಗದೆ ಎರಡು ನಿಮಿಷ ಅಗಿಯಿರಿ. ಸಕ್ಕರೆ ಹಾಕದಿದ್ದರೂ ಸಿಹಿ ಬರುತ್ತದೆ. ಎಂಜಲಿನ ಅಮೈಲೇಸ್ ಪಿಷ್ಟವನ್ನು ಒಡೆದು ಮಾಡಿದ ಸಿಹಿ ಅದು. ಈ 'ಎಂಜಲು' ಅನ್ನುವ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲೈಪೇಸ್ ಕೊಬ್ಬನ್ನು ಒಡೆಯುವುದು. ಹೋಳಿಗೆಯ ಮೇಲೆ ಸುರಿದ ತುಪ್ಪ ಜೀರ್ಣವಾಗುವುದು ಮುಖ್ಯವಾಗಿ ಇದರಿಂದ.

ಇವೆರಡನ್ನೂ ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಜಠರದ ಹಿಂದೆ, ಬೆನ್ನಿಗೆ ಹತ್ತಿಕೊಂಡ ಹಾಗೆ ಮಲಗಿರುವ ಮೇದೋಜೀರಕ ಗ್ರಂಥಿ. ಆಸ್ಪತ್ರೆಯಲ್ಲಿ ಎಲ್ಲರೂ ಪ್ಯಾಂಕ್ರಿಯಾಸ್ ಅಂತಾರೆ. ಮಾಮೂಲಾಗಿ ಅಲ್ಲಿನ ರಸ ನಾಳದ ಮೂಲಕ ಕರುಳಿಗೆ ಹೋಗುತ್ತದೆ. ರಕ್ತಕ್ಕೆ ಸೋರುವುದು ಚೂರೇ ಚೂರು. ಗ್ರಂಥಿಗೆ ಉರಿಯೂತ ಬಂದಾಗ, ಅಂದರೆ ಪ್ಯಾಂಕ್ರಿಯಾಟೈಟಿಸ್ ಆದಾಗ, ಜೀವಕೋಶಗಳು ಹಾಳಾಗಿ ರಸ ರಕ್ತಕ್ಕೆ ಸೋರುತ್ತದೆ. ನಾವು ಲ್ಯಾಬಿನಲ್ಲಿ ಅಳೆಯುವುದು ಆ ಸೋರಿಕೆಯನ್ನು.

ಸೋರಿಕೆ ಶುರುವಾಗುವುದು ಎರಡಕ್ಕೂ ಹೆಚ್ಚುಕಡಿಮೆ ಒಟ್ಟಿಗೇ. ನೋವು ಬಂದ ನಾಲ್ಕರಿಂದ ಎಂಟು ಗಂಟೆಯೊಳಗೆ ಲೈಪೇಸ್ ಏರುತ್ತದೆ, ಅಮೈಲೇಸ್ ಆರರಿಂದ ಹನ್ನೆರಡು ಗಂಟೆಯೊಳಗೆ. ಒಂದು ದಿನದ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ತುದಿ ಮುಟ್ಟಿರುತ್ತವೆ. ವ್ಯತ್ಯಾಸ ಕಾಣುವುದು ಇಳಿಯುವಾಗ.

ಅಮೈಲೇಸ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಹತ್ತು ಹನ್ನೆರಡು ಗಂಟೆ ಸಾಕು. ಲೆಕ್ಕ ಮಾಡಿ ನೋಡೋಣ. ತೋಟದವರ ಅಮೈಲೇಸ್ ಸೋಮವಾರ ರಾತ್ರಿ 800 ಇತ್ತು ಅಂತಿಟ್ಟುಕೊಳ್ಳಿ. ಸೋರಿಕೆ ಪೂರ್ತಿ ನಿಂತರೆ ಮಂಗಳವಾರ ಬೆಳಗ್ಗೆ 400, ರಾತ್ರಿ 200, ಬುಧವಾರ ಬೆಳಗ್ಗೆ 100. ನಿಜದಲ್ಲಿ ಸೋರಿಕೆ ಹಾಗೆ ನಲ್ಲಿ ತಿರುಗಿಸಿದಂತೆ ನಿಲ್ಲುವುದಿಲ್ಲ. ನಿಧಾನಕ್ಕೆ ಕಡಿಮೆಯಾಗುತ್ತದೆ. ಅದಕ್ಕೇ ಅಮೈಲೇಸ್ ಮಾಮೂಲಿಗೆ ಬರಲು ಮೂರರಿಂದ ಐದು ದಿನ ಹಿಡಿಯುತ್ತದೆ. ಗುರುವಾರ ಬೆಳಗ್ಗೆ ನಮಗೆ ಸಿಕ್ಕ 126 ಈ ಇಳಿಜಾರಿನ ಕೊನೆಯ ತುಂಡು.

ಲೈಪೇಸ್ ಹಾಗಲ್ಲ. ಅದು ಎಂಟರಿಂದ ಹದಿನಾಲ್ಕು ದಿನದವರೆಗೂ ಜಾಸ್ತಿಯೇ ಇರಬಹುದು. ಒಂದು ಕಾರಣ ಕಿಡ್ನಿ. ಅಮೈಲೇಸ್‌ನ ಒಂದು ಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಲೈಪೇಸ್ ಕೂಡ ಕಿಡ್ನಿಯ ಜರಡಿಯಲ್ಲಿ ಸೋಸಿಹೋಗುತ್ತದೆ, ಆದರೆ ಅಲ್ಲಿನ ಸಣ್ಣ ನಳಿಕೆಗಳು ಅದನ್ನು ಹೀರಿಕೊಂಡುಬಿಡುತ್ತವೆ. ಇನ್ನೊಂದು ಕಾರಣ, ಪ್ಯಾಂಕ್ರಿಯಾಸ್‌ನಲ್ಲಿ ಲೈಪೇಸ್ ರಕ್ತಕ್ಕಿಂತ ಸಾವಿರಾರು ಪಟ್ಟು ದಟ್ಟವಾಗಿದೆ. ಸಣ್ಣ ಸೋರಿಕೆ ಮುಂದುವರಿದರೂ ರಕ್ತದಲ್ಲಿ ಎದ್ದು ಕಾಣುತ್ತದೆ.

ನಮ್ಮ ಕಡೆಯವರ ವಿಷಯದಲ್ಲಿ ಇದು ತುಂಬಾ ಲೆಕ್ಕಕ್ಕೆ ಬರುತ್ತದೆ. ಹಳ್ಳಿಯಿಂದ ಬಸ್ಸು ಹಿಡಿದು ಬರುವವರು ಮೊದಲ ದಿನವೇ ಬರುವುದು ಅಪರೂಪ. ಅಮೈಲೇಸ್ ಇಳಿದ ಮೇಲೆ ಬರುತ್ತಾರೆ.

ಡಾಕ್ಟರುಗಳು ಪ್ಯಾಂಕ್ರಿಯಾಟೈಟಿಸ್ ಅಂತ ತೀರ್ಮಾನಿಸುವ ನಿಯಮ 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣದ್ದು. ಮೂರರಲ್ಲಿ ಎರಡು ಹೊಂದಬೇಕು: ಹೊಟ್ಟೆಯ ಮೇಲ್ಭಾಗದಲ್ಲಿ, ಹಲವರಲ್ಲಿ ಬೆನ್ನಿಗೆ ಹಾಯುವ ಜೋರು ನೋವು, ಅಮೈಲೇಸ್ ಅಥವಾ ಲೈಪೇಸ್ ಮಿತಿಯ ಮೂರು ಪಟ್ಟಾದರೂ ಇರುವುದು, ಸ್ಕ್ಯಾನ್‌ನಲ್ಲಿ ಕಾಣುವ ಗುರುತು. ನಮ್ಮ ಕಿಟ್‌ಗಳಲ್ಲಿ ಆ ಮೂರು ಪಟ್ಟು ಅಂದರೆ ಅಮೈಲೇಸ್‌ಗೆ 300, ಲೈಪೇಸ್‌ಗೆ 180. ತೋಟದವರ 126 ಈ ಗೆರೆ ದಾಟಲಿಲ್ಲ, 612 ದಾಟಿತು. ನೋವಂತೂ ಕಣ್ಣಿಗೆ ಕಾಣುತ್ತಿತ್ತು. ಎರಡು ಆಯಿತು. ಕಾರಣ ಹುಡುಕಲು ಅಲ್ಟ್ರಾಸೌಂಡ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಕಲ್ಲೊಂದು ಜಾರಿ ನಾಳಕ್ಕೆ ಅಡ್ಡ ಬಂದಿತ್ತು ಅಂತ ಡಾಕ್ಟರು ಹೇಳಿದರು.

ಇನ್ನು ಎಂಜಲಿನ ವಿಷಯ.

ಅಮೈಲೇಸ್ ಬರೀ ಪ್ಯಾಂಕ್ರಿಯಾಸ್‌ನ ಆಸ್ತಿಯಲ್ಲ. ಆರೋಗ್ಯವಂತರ ರಕ್ತದಲ್ಲಿರುವ ಅಮೈಲೇಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಎಂಜಲು ಗ್ರಂಥಿಯ ಬಗೆಯದೇ. ಹೆಂಗಸರ ಗರ್ಭನಾಳದಲ್ಲೂ ಅದು ಇದೆ. ಹಾಗಾಗಿ ಮಂಗನ ಬಾವು ಬಂದು ಕೆನ್ನೆ ಊದಿದ ಹುಡುಗನಿಗೂ ಅಮೈಲೇಸ್ ಏರುತ್ತದೆ. (ಮಂಗನ ಬಾವೇ ಬೇರೆ, ನಮ್ಮ ಮಲೆನಾಡಿನ ಮಂಗನ ಕಾಯಿಲೆಯೇ ಬೇರೆ. ಕೌಂಟರಿನಲ್ಲಿ ಈ ಎರಡನ್ನೂ ಕಲಸಿ ಗಾಬರಿಯಾಗುವವರು ಇದ್ದಾರೆ.) ಗರ್ಭನಾಳದಲ್ಲಿ ಗರ್ಭ ಕಟ್ಟಿ ಒಡೆದರೂ ಏರಬಹುದು. ಅಲ್ಲೂ ಹೊಟ್ಟೆನೋವೇ ಇರುತ್ತದೆ, ಅಮೈಲೇಸ್ ಒಂದನ್ನೇ ನಂಬಿದರೆ ದಾರಿ ತಪ್ಪುವುದು ಸುಲಭ. ಇಂಥ ಕಡೆ ಲೈಪೇಸ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. 'ಲೈಪೇಸ್ ಹೆಚ್ಚು ನಿರ್ದಿಷ್ಟ' ಅಂತ ಪುಸ್ತಕದಲ್ಲಿ ಬರೆಯುವುದರ ಅರ್ಥ ಇದೇ. ಅದರ ವಿಳಾಸ ಮುಖ್ಯವಾಗಿ ಒಂದೇ ಮನೆ.

ಎಂಜಲು ನನಗೂ ಒಮ್ಮೆ ಪಾಠ ಕಲಿಸಿದೆ. ಒಂದು ಮಧ್ಯಾಹ್ನ ಒಂದರ ಹಿಂದೆ ಒಂದು ಮೂರು ಜನರ ಅಮೈಲೇಸ್ ಜಾಸ್ತಿ ಬಂತು. ಅವರಲ್ಲಿ ಒಬ್ಬರಿಗೂ ಹೊಟ್ಟೆನೋವಿಲ್ಲ. ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ಸೀರಮ್ ಹಾಕಿ ನೋಡಿದೆ, ಅದೂ ಜಾಸ್ತಿ. ತಪ್ಪು ನನ್ನದೇ. ಪರೀಕ್ಷೆಗೆ ಬಳಸುವ ರಿಯೇಜೆಂಟ್ ದ್ರವದ ಬಾಟಲಿಯ ಮುಚ್ಚಳ ತೆಗೆದಿಟ್ಟು, ಅದರ ಮೇಲೆ ಬಾಗಿ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದೆ. ಎಂಜಲಿನಲ್ಲಿ ರಕ್ತಕ್ಕಿಂತ ನೂರಾರು ಪಟ್ಟು ಅಮೈಲೇಸ್ ಇದೆ. ಕಣ್ಣಿಗೆ ಕಾಣದ ಒಂದು ಹನಿ ಸಿಡಿದರೂ ಬಾಟಲಿ ಕೆಟ್ಟ ಹಾಗೆ. ಹೊಸ ಬಾಟಲಿ ಒಡೆದು ಮಾಡಿದೆ, ಮೂವರದೂ ಸರಿ ಬಂತು. ಆಮೇಲಿಂದ ಆ ಬಾಟಲಿ ತೆರೆದಾಗ ಮಾಸ್ಕ್ ಹಾಕಿಕೊಂಡೇ ಇರುತ್ತೇನೆ.

ಅಮೈಲೇಸ್ ಸುಳ್ಳಾಗಿ ಕಡಿಮೆ ತೋರಿಸುವುದೂ ಉಂಟು. ಕೆಲವರ ಸೀರಮ್ ಹಳದಿ ಇರುವುದಿಲ್ಲ, ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಟ್ರೈಗ್ಲಿಸರೈಡ್ ವಿಪರೀತ ಏರಿದ ರಕ್ತ ಅದು. ಆ ಕೊಬ್ಬೇ ಪ್ಯಾಂಕ್ರಿಯಾಟೈಟಿಸ್ ತರಬಲ್ಲದು, ಜೊತೆಗೆ ಅಮೈಲೇಸ್ ಪರೀಕ್ಷೆಯನ್ನೂ ಕೆಡಿಸುತ್ತದೆ. ಇಂಥ ಸೀರಮನ್ನು ಸಲೈನ್ ಸೇರಿಸಿ ತೆಳುಮಾಡಿ ಮತ್ತೆ ಮಾಡಿದಾಗ, ಗುಣಿಸಿ ಬರುವ ಉತ್ತರ ಮೊದಲಿನದಕ್ಕಿಂತ ಮೇಲೆ ಹೋದರೆ ಮೊದಲ ಸಂಖ್ಯೆ ಸುಳ್ಳು ಅಂತ ಗೊತ್ತಾಗುತ್ತದೆ. ವರ್ಷಗಟ್ಟಲೆ ಕುಡಿದು ಗ್ರಂಥಿ ಸೊರಗಿದವರದ್ದು ಬೇರೆ ಕತೆ. ಅಲ್ಲಿ ಸೋರಲು ಕಿಣ್ವವೇ ಹೆಚ್ಚು ಉಳಿದಿರುವುದಿಲ್ಲ. ನೋವು ಹೊಸದಾಗಿ ಕೆರಳಿದರೂ ಎರಡೂ ಅಷ್ಟಾಗಿ ಏರದಿರಬಹುದು, ಅಮೈಲೇಸ್ ಇನ್ನೂ ಕಡಿಮೆ.

ಹಾಗಂತ ಲೈಪೇಸ್ ಯಾವತ್ತೂ ಸುಳ್ಳು ಹೇಳಲ್ಲ ಅಂತಲ್ಲ. ಕಿಡ್ನಿ ಕೆಟ್ಟವರಲ್ಲಿ ಪ್ಯಾಂಕ್ರಿಯಾಸ್ ಸರಿಯಿದ್ದರೂ ಏರಿರುತ್ತದೆ, ಆದರೆ ಸಾಮಾನ್ಯವಾಗಿ ಮೂರು ಪಟ್ಟಿನೊಳಗೆ. ಜಠರದ ಹುಣ್ಣು ತೂತಾದರೆ, ಕರುಳು ಕಟ್ಟಿದರೆ, ಸಕ್ಕರೆ ಕಾಯಿಲೆ ರಕ್ತದಲ್ಲಿ ಆಮ್ಲ ಹೆಚ್ಚುವ ಕೀಟೋಆಸಿಡೋಸಿಸ್‌ಗೆ ತಿರುಗಿದರೆ ಕೂಡ ಏರಬಹುದು. ಅದಕ್ಕೇ ಆ ಮೂರು ಪಟ್ಟಿನ ಗೆರೆ, ಅದಕ್ಕೇ ಜೊತೆಗೆ ನೋವಿನ ಲಕ್ಷಣವನ್ನೂ ಕೇಳುವುದು. ಮಿತಿ 60 ಇರುವಲ್ಲಿ 95 ಬಂತು ಅಂತ ಪ್ಯಾಂಕ್ರಿಯಾಟೈಟಿಸ್ ಅನ್ನಲು ಆಗಲ್ಲ.

ಎರಡನ್ನೂ ಒಟ್ಟಿಗೆ ಮಾಡಿಸಬೇಕಾ ಅಂತ ಕೇಳುವವರಿದ್ದಾರೆ. ಲೈಪೇಸ್ ಸಿಗುವ ಕಡೆ ಅದೊಂದೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಅಮೈಲೇಸ್ ಸೇರಿಸಿದರೆ ಹೊಸದಾಗಿ ಗೊತ್ತಾಗುವುದು ಕಡಿಮೆ, ಬಿಲ್ಲು ಮಾತ್ರ ಜಾಸ್ತಿ. ಸಣ್ಣ ಊರಿನ ಲ್ಯಾಬಿನಲ್ಲಿ ಅಮೈಲೇಸ್ ಮಾತ್ರ ಇದ್ದರೆ, ನೋವು ಯಾವಾಗ ಶುರುವಾಯಿತು ಅನ್ನುವುದನ್ನು ರಿಪೋರ್ಟಿನ ಪಕ್ಕದಲ್ಲಿಟ್ಟು ಓದಬೇಕು. ಆರು ಗಂಟೆ ಹಿಂದಿನ ನೋವಿಗೆ 126 ಬಂದರೆ ಅದು ಏರುವ ದಾರಿಯಲ್ಲೂ ಇರಬಹುದು. ನಾಲ್ಕು ದಿನದ ನೋವಿಗಾದರೆ ಇಳಿಯುವ ದಾರಿ.

ತೋಟದವರು ಆಸ್ಪತ್ರೆಗೆ ಸೇರಿದ ಒಂಬತ್ತನೇ ದಿನ ಅವರ ಮಗ ಮತ್ತೊಂದು ಟ್ಯೂಬ್ ಹಿಡಿದು ಬಂದ. ಈ ಸಲ ಡಾಕ್ಟರು ಬರೆದದ್ದಲ್ಲ, ಮನೆಯವರೇ ಹಟ ಮಾಡಿ ಮಾಡಿಸಿದ್ದು. ಲೈಪೇಸ್ 190. "ಇನ್ನೂ ಮೂರು ಪಟ್ಟಿಗಿಂತ ಜಾಸ್ತಿ ಇದೆಯಲ್ಲ ಸರ್, ವಾಸಿಯಾಗಿಲ್ವಾ?" ಅಂತ ಮುಖ ಸಣ್ಣ ಮಾಡಿಕೊಂಡ. ಅಪ್ಪ ಹೇಗಿದ್ದಾರೆ ಅಂತ ಕೇಳಿದೆ. ನೋವಿಲ್ಲ, ಜ್ವರ ಇಲ್ಲ, ಗಂಜಿ ಮುಗಿದು ಮೆತ್ತಗಿನ ಅನ್ನ ತಿಂತಿದ್ದಾರೆ ಅಂದ. ಈ ಸಂಖ್ಯೆ ಕಾಯಿಲೆ ಇದೆಯಾ ಅಂತ ಹೇಳಲು, ಎಷ್ಟು ಜೋರಾಗಿದೆ ಅಂತ ಹೇಳಲು ಅಲ್ಲ ಅಂತ ಹೇಳಿದೆ. 2000 ಬಂದವರು ನಾಲ್ಕು ದಿನದಲ್ಲಿ ಮನೆಗೆ ಹೋಗಬಹುದು, 400 ಬಂದವರು ಐಸಿಯುಗೆ ಹೋಗಬಹುದು. ಜೋರು ಎಷ್ಟು ಅಂತ ನೋಡಲು ಡಾಕ್ಟರುಗಳು ಉಸಿರಾಟ, ಬಿಪಿ, ಮೂತ್ರ, ಯೂರಿಯ, ಕ್ರಿಯೇಟಿನಿನ್ ನೋಡುತ್ತಾರೆ. ಲೈಪೇಸ್‌ನ್ನು ದಿನಾ ಬೆನ್ನಟ್ಟುವುದಿಲ್ಲ.

"ಹಾಗಾದ್ರೆ ಇನ್ನೊಂದು ವಾರ ಬಿಟ್ಟು ಮತ್ತೆ ಮಾಡಿಸ್ಬೇಕಾ?" ಅಂದ. ಬೇಡ, ಆ ದುಡ್ಡು ಇಟ್ಟುಕೋ, ಪಿತ್ತಕೋಶದ ಆಪರೇಷನ್ ಯಾವಾಗ ಅಂತ ಡಾಕ್ಟರನ್ನು ಕೇಳು ಅಂದೆ. ಕಲ್ಲು ಇನ್ನೂ ಅಲ್ಲೇ ಇತ್ತು.