ವಿಪಿಎನ್ ರೂಟರ್‌ನಲ್ಲಿರಲಿ, ಟಿವಿ ಅದರಿಂದ ಹೊರಗಿರಲಿ

ಮನೆಯ ನೆಟ್ಟನ್ನು ಬೇರೊಂದು ಕಂಪನಿಯ ಸರ್ವರ್ ಮೂಲಕ ಸುತ್ತಿಸಿ ಕಳಿಸುವ ವಿಪಿಎನ್ ಅನ್ನು ರೂಟರ್‌ನಲ್ಲಿ ಆನ್ ಮಾಡಿದ ಸಂಜೆಯೇ ಟಿವಿ ಕೈಕೊಡುತ್ತದೆ. ಆ್ಯಪ್ ತೆರೆದುಕೊಳ್ಳುತ್ತದೆ, ಪೋಸ್ಟರ್‌ಗಳೆಲ್ಲ ಕಾಣುತ್ತವೆ. ಪ್ಲೇ ಒತ್ತಿದ ಕೂಡಲೇ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಅಂತಲೋ, ‘ವಿಪಿಎನ್ ಅಥವಾ ಪ್ರಾಕ್ಸಿ ಆಫ್ ಮಾಡಿ’ ಅಂತಲೋ ಬರುತ್ತದೆ. ಶಿರಸಿ, ಕಾರವಾರ ಕಡೆ ಮನೆಗಳಿಗೆ ನೆಟ್ ಜೋಡಿಸಿಕೊಡುವ ನನಗೆ ಈ ದೂರು ಹೊಸದಲ್ಲ. ಬೆಂಗಳೂರಿನಿಂದ ಬಂದ ಮಗನೋ ಮಗಳೋ ಊರಲ್ಲೇ ಕೂತು ಕೆಲಸ ಮಾಡುತ್ತಾರೆ, ಹೋಗುವ ಮೊದಲು ‘ಸೇಫ್ ಇರಲಿ’ ಅಂತ ಇಡೀ ಮನೆಗೇ ವಿಪಿಎನ್ ಹಾಕಿಟ್ಟಿರುತ್ತಾರೆ. ಆಮೇಲೆ ಪರದಾಡುವುದು ಮನೆಯಲ್ಲಿ ಉಳಿದ ಹಿರಿಯರು.

ಟಿವಿಯೊಳಗಿನ ಆ್ಯಪ್‌ಗೆ ನಿಮ್ಮ ರೂಟರ್‌ನಲ್ಲಿ ಏನಿದೆ ಅಂತ ಕಾಣುವುದಿಲ್ಲ. ಆ್ಯಪ್ ಕಂಪನಿಯ ಸರ್ವರ್‌ಗೆ ಗೊತ್ತಾಗುವುದು, ನಿಮ್ಮ ಕೋರಿಕೆ ಯಾವ ಐಪಿ ವಿಳಾಸದಿಂದ ಬಂತು ಅನ್ನುವುದು. ಆ ವಿಳಾಸ ಯಾವ ದೇಶದ್ದು, ಯಾರ ಹೆಸರಿನಲ್ಲಿದೆ ಅಂತ ಅದು ಒಂದು ಪಟ್ಟಿಯಲ್ಲಿ ನೋಡುತ್ತದೆ. ಮನೆಗೆ ಫೈಬರ್ ಕೊಟ್ಟ ಕಂಪನಿಯ ವಿಳಾಸವಾದರೆ ತಕರಾರಿಲ್ಲ. ವಿಪಿಎನ್ ಹಾಕಿದ ಮೇಲೆ ಹೊರಗೆ ಕಾಣುವುದು ಯಾವುದೋ ಡೇಟಾ ಸೆಂಟರ್‌ನ ವಿಳಾಸ, ಅದರ ಹಿಂದೆ ನೂರಾರು ಅಪರಿಚಿತರೂ ಇರುತ್ತಾರೆ. ಸಿನಿಮಾ, ಕ್ರಿಕೆಟ್ ಹಕ್ಕುಗಳನ್ನು ದೇಶದ ಲೆಕ್ಕದಲ್ಲಿ ಮಾರುವುದರಿಂದ ಇಂಥ ವಿಳಾಸಗಳನ್ನು ಕಂಪನಿಗಳು ಸಾರಾಸಗಟಾಗಿ ತಡೆಯುತ್ತವೆ.

‘ಹಾಗಾದರೆ ಇಂಡಿಯಾ ಸರ್ವರ್ ಆರಿಸಿಕೊಂಡರಾಯ್ತಲ್ವಾ?’ ಎಲ್ಲರೂ ಮೊದಲು ಮಾಡುವುದೇ ಅದು. ಅಲ್ಲೊಂದು ತೊಡಕಿದೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಇದಕ್ಕೆ ಒಪ್ಪದ ಕೆಲವು ದೊಡ್ಡ ಕಂಪನಿಗಳು ಇಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ಈಗ ಅವರ ಪಟ್ಟಿಯಲ್ಲಿ ‘ಇಂಡಿಯಾ’ ಅಂತ ಇದ್ದರೂ ಯಂತ್ರ ಇರುವುದು ಸಿಂಗಾಪುರದಂಥ ಕಡೆ, ಐಪಿ ವಿಳಾಸವನ್ನು ಮಾತ್ರ ಭಾರತದ್ದು ಅಂತ ನಮೂದಿಸಿರುತ್ತಾರೆ. ಒಂದು ಪಟ್ಟಿ ಅದನ್ನು ಭಾರತ ಅನ್ನುತ್ತದೆ, ಇನ್ನೊಂದು ಸಿಂಗಾಪುರ ಅನ್ನುತ್ತದೆ. ಒಂದು ಆ್ಯಪ್ ನಡೆದು ಪಕ್ಕದ್ದು ನಡೆಯದೇ ಇರುವುದಕ್ಕೆ ಇದೂ ಒಂದು ಕಾರಣ. ಸರ್ವರ್ ಬದಲಿಸುತ್ತಾ ಕೂತರೆ ಇವತ್ತು ನಡೆದದ್ದು ನಾಳೆ ನಿಲ್ಲುತ್ತದೆ. ಟಿವಿಯನ್ನೇ ವಿಪಿಎನ್ ದಾರಿಯಿಂದ ಹೊರಗೆ ತರುವುದು ವಾಸಿ.

ಅದಕ್ಕೂ ಮೊದಲು ರೋಗ ಇದೇ ಹೌದೋ ಅಂತ ನೋಡಿಕೊಳ್ಳಬೇಕು. ಟಿವಿಯನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡಿ. ಅದರಲ್ಲಿ ನಡೆದರೆ ಆ್ಯಪ್, ಖಾತೆ ಎರಡೂ ಸರಿ ಇವೆ. ಆಮೇಲೆ ಮನೆಯ ವೈಫೈನಲ್ಲಿರುವ ಫೋನಿನಲ್ಲಿ what is my ip ಅಂತ ಹುಡುಕಿ, ಸಿಗುವ ಪುಟದಲ್ಲಿ ದೇಶಕ್ಕಿಂತ ಮೊದಲು ಕಂಪನಿಯ ಹೆಸರು ನೋಡಿ. ನೀವು ತಿಂಗಳು ತಿಂಗಳು ದುಡ್ಡು ಕಟ್ಟುವ ಕಂಪನಿಯ ಬದಲು ಕೇಳರಿಯದ ಹೋಸ್ಟಿಂಗ್ ಕಂಪನಿಯ ಹೆಸರಿದ್ದರೆ ವಿಷಯ ಸ್ಪಷ್ಟ. ಮುಂದಿನ ರಿಪೇರಿ ಸರಿಯಾಯಿತೋ ಇಲ್ಲವೋ ಅಂತ ನೋಡುವುದಕ್ಕೂ ಇದೇ ಪುಟ ಸಾಕು, ಆದರೆ ಆಗ ಅದನ್ನು ಟಿವಿಯ ಬ್ರೌಸರ್‌ನಲ್ಲೇ ತೆರೆಯಬೇಕು.

ಶಿರಸಿ ಹತ್ತಿರದ ಒಂದು ಮನೆಯ ಕಥೆ ಹೇಳುತ್ತೇನೆ. ಮನೆಯ ಯಜಮಾನರು ಫೋನ್ ಮಾಡಿ, “ತಮಾ, ನಮ್ಮನೆ ಟಿವಿ ಸಿಂಗಾಪುರಕ್ಕೆ ಹೋಯ್ದಡ ನೋಡು” ಅಂದರು. ಮಗ ಹಾಗಂತ ಹೇಳಿದ್ದನಂತೆ. ಅಲ್ಲಿ ಫೈಬರ್ ಕಂಪನಿ ಕೊಟ್ಟ ಡಬ್ಬಿ ಒಂದು, ಅದರ ಹಿಂದೆ ಮಗ ತಂದ ರೂಟರ್ ಇನ್ನೊಂದು. ವಿಪಿಎನ್ ಇದ್ದದ್ದು ಎರಡನೆಯದರಲ್ಲಿ.

ಯಾವ ಸಾಧನ ಯಾವ ದಾರಿಯಲ್ಲಿ ಹೋಗಬೇಕು ಅಂತ ಆರಿಸುವ ಸೌಲಭ್ಯ ಆ ರೂಟರ್‌ನಲ್ಲಿತ್ತು. ಎಲ್ಲ ರೂಟರ್‌ಗಳಲ್ಲೂ ಇದು ಒಂದೇ ಥರ ಇರುವುದಿಲ್ಲ. ಕೆಲವದರಲ್ಲಿ ವಿಪಿಎನ್ ಬೇಕಾದ ಸಾಧನಗಳನ್ನು ಪಟ್ಟಿಗೆ ಸೇರಿಸಬೇಕು, ಕೆಲವದರಲ್ಲಿ ಬೇಡವಾದದ್ದನ್ನು ಹೊರಗಿಡಬೇಕು. ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಉಚಿತ ತಂತ್ರಾಂಶ ಹಾಕಿದವರಿಗೆ `pbr` ಅನ್ನುವ ಪ್ಯಾಕೇಜ್ ಇದೆ. ಮನೆಯೊಳಗಿನ ಬಳಕೆಗೆ ರೂಟರ್ ಟಿವಿಗೆ ಕೊಟ್ಟಿದ್ದ ವಿಳಾಸ 192.168.1.23 ಅನ್ನು ನಾನು ಹೊರಗಿಟ್ಟೆ. ಟಿವಿಯ ಬ್ರೌಸರ್‌ನಲ್ಲಿ ಫೈಬರ್ ಕಂಪನಿಯ ಹೆಸರೇ ಬಂತು. ಆದರೆ ಆ್ಯಪ್‌ನಲ್ಲಿ ಮತ್ತೆ ಅದೇ ದೂರು.

ಉಳಿದಿದ್ದದ್ದು ಡಿಎನ್‌ಎಸ್. ವೆಬ್‌ಸೈಟ್ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆ ಅದು. ವಿಡಿಯೋ ಟಿವಿಯಿಂದ ನೇರವಾಗಿ ಹೋಗುತ್ತಿದ್ದರೂ ಹೆಸರು ಕೇಳುವ ಕೆಲಸವನ್ನು ರೂಟರ್ ಇನ್ನೂ ವಿಪಿಎನ್ ಕಂಪನಿಯ ಡಿಎನ್‌ಎಸ್ ಹತ್ತಿರವೇ ಮಾಡಿಸುತ್ತಿತ್ತು. ಹೆಸರು ಕೇಳುವುದು ಒಂದು ದೇಶದಿಂದ, ವಿಡಿಯೋ ಬೇಡುವುದು ಇನ್ನೊಂದು ದೇಶದಿಂದ ಅಂತಾದರೆ ಕೆಲವು ಆ್ಯಪ್‌ಗಳು ಅನುಮಾನ ಪಡುತ್ತವೆ. ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಅನ್ನು ಕೈಯಾರೆ 8.8.8.8 ಅಂತ ಕೊಟ್ಟೆ. ನಂತರ ಟಿವಿಯ ಪ್ಲಗ್ಗನ್ನೇ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿದೆ. ರಿಮೋಟ್‌ನಿಂದ ಆಫ್ ಮಾಡಿದರೆ ಟಿವಿ ಬರೀ ಮಲಗಿರುತ್ತದೆ, ಆ್ಯಪ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಈ ಸಲ ಧಾರಾವಾಹಿ ಓಡಿತು.

ಇನ್ನೂ ಒಂದು ಕೆಲಸ ಬಾಕಿ ಇತ್ತು. ನಾವು ಹೊರಗಿಟ್ಟದ್ದು 192.168.1.23 ಅನ್ನುವ ನಂಬರನ್ನು, ಟಿವಿಯನ್ನಲ್ಲ. ಮಲೆನಾಡಿನ ಮಳೆಯಲ್ಲಿ ಕರೆಂಟು ಹೋಗಿ ಬಂದು ರೂಟರ್ ಮತ್ತೆ ಶುರುವಾದಾಗ ಟಿವಿಗೆ ಬೇರೆ ನಂಬರ್ ಸಿಗಬಹುದು, ಟಿವಿ ಮತ್ತೆ ವಿಪಿಎನ್ ಒಳಗೆ ಹೋಗಬಹುದು. ಅದಕ್ಕೆ ರೂಟರ್‌ನ `Address Reservation` ಅನ್ನುವಲ್ಲಿ ಟಿವಿಯ ಮ್ಯಾಕ್ ವಿಳಾಸಕ್ಕೆ, ಅಂದರೆ ತಯಾರಿಸಿದ ಕಂಪನಿಯೇ ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆಗೆ, ಆ ನಂಬರನ್ನೇ ಕಾಯಂ ಮಾಡಬೇಕು. ಟಿವಿಗೆ ವೈಫೈಗೊಂದು, ಕೇಬಲ್‌ಗೊಂದು ಬೇರೆ ಬೇರೆ ಮ್ಯಾಕ್ ವಿಳಾಸ ಇರುತ್ತದೆ. ಬಳಸುವುದು ಯಾವುದೋ ಅದನ್ನೇ ಬರೆಯಿರಿ.

ಇದೆಲ್ಲ ರಗಳೆ ಅನಿಸಿದರೆ ಸುಲಭದ ದಾರಿಯೂ ಇದೆ. ಫೈಬರ್ ಕಂಪನಿಯ ಡಬ್ಬಿಗೆ ಸಾಮಾನ್ಯವಾಗಿ ತನ್ನದೇ ವೈಫೈ ಇರುತ್ತದೆ. ಟಿವಿಯನ್ನು ಅದಕ್ಕೆ ಜೋಡಿಸಿಬಿಡಿ. ವಿಪಿಎನ್ ಇರುವುದು ಡಬ್ಬಿಯ ಹಿಂದೆ ಜೋಡಿಸಿದ ಎರಡನೆಯ ರೂಟರ್‌ನಲ್ಲಾದ್ದರಿಂದ ಟಿವಿಗೆ ಅದರ ಗಾಳಿಯೂ ತಾಗುವುದಿಲ್ಲ. ಕಾರವಾರದ ಒಂದು ಫ್ಲ್ಯಾಟ್‌ನಲ್ಲಿ ಇದು ನಡೆಯಲಿಲ್ಲ, ಯಾಕೆಂದರೆ ಅಲ್ಲಿ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಟ್ಟಿದ್ದರು. ಹಾಗಿದ್ದಾಗ ನೆಟ್‌ಗೆ ಲಾಗಿನ್ ಆಗುವುದು ಎರಡನೆಯ ರೂಟರ್, ಡಬ್ಬಿಯ ವೈಫೈ ಹಿಡಿದರೂ ನೆಟ್ ಸಿಗುವುದಿಲ್ಲ. ಇನ್ನೊಂದು ಅನನುಕೂಲವೂ ಉಂಟು. ಟಿವಿ ಒಂದು ವೈಫೈನಲ್ಲಿ, ಫೋನ್ ಇನ್ನೊಂದರಲ್ಲಿ ಇದ್ದರೆ ಫೋನಿನಿಂದ ಕಾಸ್ಟ್ ಮಾಡಲು ಟಿವಿ ಹೆಸರೇ ಕಾಣುವುದಿಲ್ಲ. ಕಾಸ್ಟ್ ಮಾಡುವಾಗ ಫೋನನ್ನೂ ಡಬ್ಬಿಯ ವೈಫೈಗೆ ತಂದುಕೊಳ್ಳಿ.

ಫೋನನ್ನೂ ಕಾಯಂ ಆಗಿ ಹೊರಗಿಡುವುದಾದರೆ ಒಂದು ಎಚ್ಚರ. ಈಗಿನ ಆಂಡ್ರಾಯ್ಡ್, ಐಫೋನ್‌ಗಳು ವೈಫೈಗೆ ನಿಜವಾದ ಮ್ಯಾಕ್ ವಿಳಾಸ ಕೊಡದೆ ತಾವೇ ಒಂದನ್ನು ಹುಟ್ಟುಹಾಕುತ್ತವೆ. ಅದು ಬದಲಾದರೆ ರೂಟರ್‌ನಲ್ಲಿ ಬರೆದಿಟ್ಟದ್ದು ಸುಮ್ನೆ ವ್ಯರ್ಥ. ಮನೆಯ ವೈಫೈ ಮಟ್ಟಿಗೆ ಆ ಸೌಲಭ್ಯ ಆಫ್ ಮಾಡಿ, ಆಮೇಲೆ ಕಾಣುವ ವಿಳಾಸವನ್ನು ಬರೆದುಕೊಳ್ಳಿ. ಆಫೀಸ್ ಕೆಲಸಕ್ಕೆ ಮಾತ್ರ ವಿಪಿಎನ್ ಬೇಕಿದ್ದರೆ, ನನ್ನನ್ನು ಕೇಳಿದರೆ, ಅದನ್ನು ರೂಟರ್‌ನಿಂದ ತೆಗೆದು ಆ ಒಂದು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ.