ಜೀವನಪೂರ್ತಿ ಉಚಿತ ಅಂದ ಕಾರ್ಡಿಗೆ ವಾರ್ಷಿಕ ಶುಲ್ಕ ಹಾಕಿದ್ದಾರೆ, ಬ್ಯಾಂಕಿಗೆ ಏನಂತ ಬರೆಯಲಿ?

ಓದುಗರ ಪ್ರಶ್ನೆ: 2022ರ ಆಗಸ್ಟ್‌ನಲ್ಲಿ ಸೂಪರ್ ಮಾರ್ಕೆಟ್ ಬಾಗಿಲಲ್ಲಿ ಮೇಜು ಹಾಕಿಕೊಂಡಿದ್ದ ಹುಡುಗನ ಹತ್ತಿರ ಒಂದು ಕ್ರೆಡಿಟ್ ಕಾರ್ಡ್ ಮಾಡಿಸಿದೆ. "ಸರ್, ಇದು ಲೈಫ್‌ಟೈಮ್ ಫ್ರೀ, ಯಾವತ್ತೂ ಫೀಸ್ ಇಲ್ಲ" ಅಂದಿದ್ದ. ಎರಡು ವರ್ಷ ಏನೂ ಬರಲಿಲ್ಲ. 2025ರ ಆಗಸ್ಟ್ ಬಿಲ್ಲಿನಲ್ಲಿ 588 ರೂಪಾಯಿ 82 ಪೈಸೆ ಶುಲ್ಕ ಸೇರಿಸಿದ್ದಾರೆ. ಫೋನ್ ಮಾಡಿದರೆ "ಹತ್ತು ಸಾವಿರ ಖರ್ಚು ಮಾಡಿ, ಮನ್ನಾ ಮಾಡ್ತೀವಿ" ಅಂತಾರೆ. ಒಪ್ಪಿಕೊಳ್ಳಲಾ? ಇಲ್ಲ ಪತ್ರ ಬರೆಯಲಾ?

ಉತ್ತರ: ಒಪ್ಪಿಕೊಳ್ಳಬೇಡಿ, ಪತ್ರ ಬರೆಯಿರಿ. ಪತ್ರದಲ್ಲಿ "ಮನ್ನಾ ಮಾಡಿ" ಅನ್ನುವ ಮಾತು ಮಾತ್ರ ಬೇಡ. ಕೊಡಬೇಕಾದದ್ದನ್ನು ಬಿಟ್ಟುಕೊಟ್ಟರೆ ಅದು ಮನ್ನಾ. ನೀವು ಹೇಳುತ್ತಿರುವುದು ಈ ಶುಲ್ಕ ಕೊಡಬೇಕಾದದ್ದೇ ಅಲ್ಲ ಅಂತ. ಫೋನಿನಲ್ಲಿ ಅವರು ಹೇಳಿದಂತೆ ಹತ್ತು ಸಾವಿರ ಖರ್ಚು ಮಾಡಿದರೆ ಈ ವರ್ಷದ ದುಡ್ಡು ವಾಪಸ್ ಬರಬಹುದು. ಆದರೆ ನಿಮ್ಮ ಕಾರ್ಡು ಶುಲ್ಕದ ಕಾರ್ಡು ಅಂತಲೇ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಮುಂದಿನ ಆಗಸ್ಟ್‌ಗೆ ಮತ್ತೆ ಅದೇ ಗೋಳು. ಅದಕ್ಕೇ ಪತ್ರದಲ್ಲಿ ಎರಡು ಕೆಲಸ ಕೇಳಬೇಕು: ತಪ್ಪಾಗಿ ಹಾಕಿದ್ದನ್ನು ತೆಗೆಯಿರಿ, ಮತ್ತು ಕಾರ್ಡನ್ನು ಉಚಿತ ಅಂತ ದಾಖಲೆಯಲ್ಲಿ ತಿದ್ದಿ.

ಬರೆಯುವ ಮುಂಚೆ ಬಿಲ್ಲನ್ನು ಒಂದು ಸಲ ಸರಿಯಾಗಿ ನೋಡಿ. ನಿಮ್ಮ ಬಿಲ್ಲಿನಲ್ಲಿ ANNUAL FEE 499.00 ಅಂತ ಒಂದು ಸಾಲು, ಅದರ ಕೆಳಗೆ IGST 89.82 ಅಂತ ಇನ್ನೊಂದು ಸಾಲು ಇರಬೇಕು. 499ಕ್ಕೆ ಶೇಕಡಾ 18 ಜಿಎಸ್‌ಟಿ ಅಂದರೆ 89.82, ಎರಡೂ ಸೇರಿ 588.82. ಲೆಕ್ಕ ಕೂಡಿತು ಅಲ್ವಾ, ಹಾಗಾದರೆ ಇದು ವಾರ್ಷಿಕ ಶುಲ್ಕವೇ. ಎಷ್ಟೋ ಜನರಿಗೆ ವಾರ್ಷಿಕ ಶುಲ್ಕ ಅಂತ ಕಾಣುವುದು ನಿಜವಾಗಿ ಕಾರ್ಡ್ ರಕ್ಷಣೆಯ ಪ್ಲಾನೋ ವಿಮೆಯೋ ಆಗಿರುತ್ತದೆ. ಅದಾದರೆ ಪತ್ರವೇ ಬೇರೆ. ಅಲ್ಲಿ ಕೇಳಬೇಕಾದ್ದು "ನಾನು ಯಾವಾಗ ಒಪ್ಪಿಗೆ ಕೊಟ್ಟೆ, ತೋರಿಸಿ" ಅಂತ.

ಆಮೇಲೆ ಪುರಾವೆ. ಆ ಹುಡುಗನ ಬಾಯಿಮಾತು ಸುಳ್ಳು ಅಂತ ನಾನು ಹೇಳುವುದಿಲ್ಲ, ಆದರೆ ಅವನು ಈಗ ಎಲ್ಲಿದ್ದಾನೋ. ಕಾಗದದಲ್ಲಿ ಏನಿದೆ ಹುಡುಕಿ. ಕಾರ್ಡಿನ ಜೊತೆ ಬಂದ ಸ್ವಾಗತ ಪತ್ರ, ಕಾರ್ಡ್ ಮಂಜೂರಾದಾಗ ಬಂದ ಎಸ್‌ಎಂಎಸ್, ಇಮೇಲ್, ಆ ಹುಡುಗ ವಾಟ್ಸಾಪಿನಲ್ಲಿ ಕಳಿಸಿದ ಜಾಹೀರಾತು, ಯಾವುದಾದರೂ ಆಗಲಿ. ಹಳೇ ಮೆಸೇಜುಗಳಲ್ಲಿ ಬ್ಯಾಂಕಿನ ಹೆಸರು ಹಾಕಿ 2022ರ ಆಗಸ್ಟ್‌ವರೆಗೂ ಹಿಂದೆ ಹೋಗಿ. ಸಿಕ್ಕಿದರೆ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಏನೂ ಸಿಗದಿದ್ದರೂ ಒಂದು ಪುರಾವೆ ನಿಮ್ಮ ಕೈಯಲ್ಲೇ ಇದೆ: 2023 ಮತ್ತು 2024ರ ಆಗಸ್ಟ್ ಬಿಲ್ಲುಗಳು. ಎರಡರಲ್ಲೂ ಶುಲ್ಕ ಇಲ್ಲ. ಮೊದಲ ವರ್ಷ ಮಾತ್ರ ಉಚಿತ ಅನ್ನುವ ಕಾರ್ಡಾಗಿದ್ದರೆ 2023ರಲ್ಲೇ ಬರಬೇಕಿತ್ತು. ಇಲ್ಲಿ ಒಂದು ಅಡ್ಡಿ ಇದೆ. ಕೆಲವು ಕಾರ್ಡುಗಳಲ್ಲಿ ವರ್ಷಕ್ಕೆ ಇಂತಿಷ್ಟು ಖರ್ಚು ಮಾಡಿದರೆ ಶುಲ್ಕ ಇಲ್ಲ ಅಂತ ಷರತ್ತು ಇರುತ್ತದೆ. ಆ ಎರಡು ವರ್ಷ ನೀವು ಜಾಸ್ತಿ ಬಳಸಿ, ಈ ವರ್ಷ ಕಡಿಮೆ ಬಳಸಿದ್ದರೆ ಬ್ಯಾಂಕು ಅದನ್ನೇ ಮುಂದಿಡುತ್ತದೆ. ಹಾಗಾಗಿ ಮೂರೂ ವರ್ಷದ ಖರ್ಚು ಕೂಡಿ ನೋಡಿ. ಕಡಿಮೆ ಬಳಸಿದ ವರ್ಷದಲ್ಲೂ ಶುಲ್ಕ ಹಾಕಿಲ್ಲ ಅಂತಾದರೆ ನಿಮ್ಮ ವಾದ ಗಟ್ಟಿ. ಮಧ್ಯದಲ್ಲಿ ಕಾರ್ಡು ಬದಲಾಗಿದೆಯಾ ಅನ್ನುವುದನ್ನೂ ನೋಡಿ. "ನಿಮ್ಮ ಕಾರ್ಡ್ ಅಪ್‌ಗ್ರೇಡ್ ಆಗಿದೆ" ಅಂತ ಬೇರೆ ನಮೂನೆಯ ಕಾರ್ಡು ಬಂದಿದ್ದರೆ, ಉಚಿತದ ಮಾತು ಹಳೇ ಕಾರ್ಡಿಗೇ ಅಂಟಿಕೊಂಡು ಅಲ್ಲೇ ಉಳಿದಿರುತ್ತದೆ. ಹೀಗೆ ಶುಲ್ಕ ಶುರುವಾಗುವುದು ತುಂಬ ಸಾಮಾನ್ಯ.

ಈ ಶುಲ್ಕ ಹಾಕಿದಾಗ ಜಾರಿಯಲ್ಲಿದ್ದ, ನಿಮ್ಮ ಬೆನ್ನಿಗೆ ಇರುವ ನಿಯಮ ಯಾವುದು ಅಂದರೆ, ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಹೊರಡಿಸಿ, ಅದೇ ವರ್ಷ ಜುಲೈ 1ರಿಂದ ಜಾರಿಗೆ ತಂದ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್ ನಿರ್ದೇಶನ. ನಿಮ್ಮ ಕಾರ್ಡು ಬಂದದ್ದು ಅದರ ಮುಂದಿನ ತಿಂಗಳು. ಉಚಿತ ಅಂತ ಕೊಡುವ ಕಾರ್ಡಿನಲ್ಲಿ ಗುಟ್ಟಾದ ಶುಲ್ಕ ಇರಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಕಾರ್ಡು ಕೊಡುವಾಗ ಹೇಳದ, ನೀವು ಒಪ್ಪದ ಶುಲ್ಕ ಹಾಕುವಂತಿಲ್ಲ. ಶುಲ್ಕ ಬದಲಾಯಿಸಬೇಕಾದರೆ ಕನಿಷ್ಠ ಒಂದು ತಿಂಗಳು ಮುಂಚೆ ತಿಳಿಸಬೇಕು, ಅದೂ ಮುಂದಿನ ದಿನಗಳಿಗೆ ಮಾತ್ರ. ಬಿಲ್ಲಿನ ಬಗ್ಗೆ ದೂರು ಕೊಟ್ಟರೆ 30 ದಿನದೊಳಗೆ ವಿವರಣೆ ಕೊಡಬೇಕು, ದಾಖಲೆ ಇದ್ದರೆ ಅದನ್ನೂ ತೋರಿಸಬೇಕು. ಪತ್ರ ನಿಂತಿರುವುದು ಈ ನಾಲ್ಕು ಮಾತಿನ ಮೇಲೆ.

ಇನ್ನು ಬಿಲ್ಲು ಕಟ್ಟುವುದಾ ಬಿಡುವುದಾ? ನಿಮ್ಮ ಬಿಲ್ಲು ಒಟ್ಟು 4,212.82 ರೂಪಾಯಿ ಅಂತಿಟ್ಟುಕೊಳ್ಳಿ. ಶುಲ್ಕ ಬಿಟ್ಟು 3,624 ರೂಪಾಯಿ ಮಾತ್ರ ಕಟ್ಟಿದರೆ ನ್ಯಾಯ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಪೂರ್ತಿ ಕಟ್ಟದಿದ್ದರೆ ಬಡ್ಡಿ ಇಲ್ಲದ ಅವಧಿಯೇ ತಪ್ಪಿ ಹೋಗಿ, ಹೊಸ ಖರೀದಿಗೂ ಬಡ್ಡಿ ಶುರುವಾಗುತ್ತದೆ. ಬಾಕಿ ಅಂತ ಸಿಬಿಲ್‌ಗೆ ಹೋದರೆ ಅದನ್ನು ಸರಿ ಮಾಡಿಸುವುದು 588 ರೂಪಾಯಿಗಿಂತ ದೊಡ್ಡ ತಲೆನೋವು. ಗಡುವಿನೊಳಗೆ ಪೂರ್ತಿ ಕಟ್ಟಿ, ಕಟ್ಟಿದ್ದು ಒಪ್ಪಿಗೆ ಅಲ್ಲ ಅಂತ ಪತ್ರದಲ್ಲಿ ಬರೆಯಿರಿ. ಆ ಒಂದು ವಾಕ್ಯ ಮರೆಯಬೇಡಿ.

ಪತ್ರ ಹೀಗಿರಲಿ:

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಕ್ರೆಡಿಟ್ ಕಾರ್ಡ್ ವಿಭಾಗ.

ವಿಷಯ: ಜೀವನಪೂರ್ತಿ ಉಚಿತ ಎಂದು ಕೊಟ್ಟ ಕಾರ್ಡಿಗೆ ಹಾಕಿದ ವಾರ್ಷಿಕ ಶುಲ್ಕದ ಬಗ್ಗೆ ದೂರು. ಕಾರ್ಡಿನ ಕೊನೆಯ ನಾಲ್ಕು ಅಂಕಿ: ____

ಮಾನ್ಯರೇ,

2022ರ ಆಗಸ್ಟ್‌ನಲ್ಲಿ ನಿಮ್ಮ ಪ್ರತಿನಿಧಿಯ ಮೂಲಕ ಈ ಕಾರ್ಡು ಪಡೆದೆ. ಇದಕ್ಕೆ ಸೇರುವ ಶುಲ್ಕವಾಗಲಿ ವಾರ್ಷಿಕ ಶುಲ್ಕವಾಗಲಿ ಯಾವತ್ತೂ ಇಲ್ಲ ಎಂದು ನನಗೆ ತಿಳಿಸಲಾಗಿತ್ತು. ಆಗ ನಿಮ್ಮಿಂದ ಬಂದ ಎಸ್‌ಎಂಎಸ್‌ನ ಪ್ರತಿ ಲಗತ್ತಿಸಿದ್ದೇನೆ. 2023 ಮತ್ತು 2024ರಲ್ಲಿ ಯಾವ ಶುಲ್ಕವನ್ನೂ ಹಾಕಿಲ್ಲ. ಆ ಬಿಲ್ಲುಗಳೂ ಜೊತೆಗಿವೆ.

2025ರ ಆಗಸ್ಟ್ ಬಿಲ್ಲಿನಲ್ಲಿ ವಾರ್ಷಿಕ ಶುಲ್ಕ ರೂ. 499.00 ಮತ್ತು ಜಿಎಸ್‌ಟಿ ರೂ. 89.82, ಒಟ್ಟು ರೂ. 588.82 ಹಾಕಿದ್ದೀರಿ. ಇದಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ. ಶುಲ್ಕ ಬದಲಾಗುತ್ತದೆ ಎಂಬ ನೋಟಿಸ್ ನನಗೆ ಬಂದಿಲ್ಲ. ಉಚಿತವಾಗಿ ಕೊಟ್ಟ ಕಾರ್ಡಿನಲ್ಲಿ ಗುಟ್ಟಾದ ಶುಲ್ಕ ಇರಬಾರದು, ಬದಲಾವಣೆಗೆ ಕನಿಷ್ಠ ಒಂದು ತಿಂಗಳ ಮುಂಚಿನ ನೋಟಿಸ್ ಬೇಕು ಎಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನ ಹೇಳುತ್ತದೆ.

ನನ್ನ ಕೋರಿಕೆ: ರೂ. 588.82ನ್ನು ಜಿಎಸ್‌ಟಿ ಸಮೇತ ವಾಪಸ್ ಜಮಾ ಮಾಡಿ. ಈ ಕಾರ್ಡಿಗೆ ಮುಂದೆಯೂ ವಾರ್ಷಿಕ ಶುಲ್ಕ ಇಲ್ಲ ಎಂದು ದಾಖಲೆ ತಿದ್ದಿ, ಬರಹದಲ್ಲಿ ತಿಳಿಸಿ. ನಾನು ಕೇಳುತ್ತಿರುವುದು ಮನ್ನಾ ಅಲ್ಲ, ತಪ್ಪು ನಮೂದಿನ ತಿದ್ದುಪಡಿ. ಶುಲ್ಕ ಸರಿಯಾಗಿದೆ ಎಂದು ನಿಮ್ಮ ಅಭಿಪ್ರಾಯವಾದರೆ, ನಾನು ಸಹಿ ಮಾಡಿದ ಅರ್ಜಿಯ ಪ್ರತಿ ಮತ್ತು ನನಗೆ ಕಳಿಸಿದ ನೋಟಿಸಿನ ಪ್ರತಿಯನ್ನು ತಾರೀಖಿನ ಸಮೇತ ಕೊಡಿ.

ಬಿಲ್ಲಿನ ಪೂರ್ತಿ ಮೊತ್ತ ರೂ. 4,212.82ನ್ನು ಗಡುವಿನೊಳಗೆ ಕಟ್ಟಿದ್ದೇನೆ. ತಡವಾದ ಬಾಕಿ ಎಂದು ದಾಖಲಾಗಬಾರದು ಎಂಬ ಕಾರಣಕ್ಕೆ ಮಾತ್ರ ಕಟ್ಟಿದ್ದು, ಶುಲ್ಕವನ್ನು ಒಪ್ಪಿಕೊಂಡಂತೆ ಅಲ್ಲ.

30 ದಿನದೊಳಗೆ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ. ದಯವಿಟ್ಟು ದೂರಿನ ಸಂಖ್ಯೆ ಕೊಡಿ.

ಇಂತಿ,
ಹೆಸರು, ಸಹಿ, ತಾರೀಖು

ಎಸ್‌ಎಂಎಸ್ ಸಿಗದಿದ್ದರೆ ಆ ವಾಕ್ಯ ತೆಗೆದುಬಿಡಿ, ಇಲ್ಲದ್ದನ್ನು ಇದೆ ಅನ್ನಬೇಡಿ. ಖರ್ಚಿನ ಲೆಕ್ಕ ನಿಮ್ಮ ಪರ ಇದ್ದರೆ 2023 ಮತ್ತು 2024ರಲ್ಲಿ ಶುಲ್ಕ ಹಾಕಿಲ್ಲ ಅನ್ನುವ ವಾಕ್ಯದ ಜೊತೆ ಅದನ್ನು ಸೇರಿಸಿ. ನೋಟಿಸ್ ಬಂದಿಲ್ಲ ಅಂತ ಬರೆಯುವ ಮುಂಚೆ ಇಮೇಲಿನ ಸ್ಪ್ಯಾಮ್ ಕೂಡ ನೋಡಿ. ಪೂರ್ತಿ ಕಾರ್ಡ್ ನಂಬರು, ಹಿಂದಿನ ಮೂರು ಅಂಕಿ, ಓಟಿಪಿ ಯಾವುದನ್ನೂ ಪತ್ರದಲ್ಲಿ ಹಾಕಬೇಡಿ.

ಕಳಿಸುವುದು ಎಲ್ಲಿಗೆ ಅಂತ ಹುಡುಕಾಡಬೇಕಾಗಿಲ್ಲ. ದೂರು ನೋಡಿಕೊಳ್ಳುವ ಅಧಿಕಾರಿಯ ಹೆಸರು, ಫೋನು, ಇಮೇಲ್, ವಿಳಾಸ ಬಿಲ್ಲಿನಲ್ಲೇ ಇರಬೇಕು ಅನ್ನುವುದೂ ನಿಯಮ. ಸಾಮಾನ್ಯವಾಗಿ ಕೊನೇ ಪುಟದ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಮೇಲ್ ಮಾಡಿದರೆ ಕಳಿಸಿದ ತಾರೀಖಿಗೆ ಅದೇ ಸಾಕ್ಷಿ. ಕಾರ್ಡ್ ವಿಭಾಗ ಬೇರೆ ಊರಿನಲ್ಲಿದ್ದರೆ ಇಂಗ್ಲಿಷ್ ಪ್ರತಿಯನ್ನೂ ಜೊತೆಗೆ ಕಳಿಸಿ, ಬೇಗ ಕೆಲಸವಾಗುತ್ತದೆ. ಕಾಗದದ ಪತ್ರವನ್ನು ಶಾಖೆಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಉತ್ತರ ಬಂದರೆ ಅದನ್ನು ಓದುವಾಗಲೂ ಎಚ್ಚರ ಇರಲಿ. ನಮ್ಮ ಅಕ್ಕನ ಕಾರ್ಡಿಗೆ ಹೀಗೇ ಆದಾಗ ಬ್ಯಾಂಕಿನವರು "ವಿಶೇಷ ಸೌಜನ್ಯವಾಗಿ ಈ ಸಲ ಶುಲ್ಕ ವಾಪಸ್" ಅಂತ ಬರೆದರು. ಅಕ್ಕ ಖುಷಿಯಾಗಿ ಸುಮ್ಮನಾದಳು. ಮುಂದಿನ ಬಿಲ್ಲು ನೋಡಿದರೆ 499 ವಾಪಸ್ ಬಂದಿದೆ, ಜಿಎಸ್‌ಟಿಯ 89.82 ಹಾಗೇ ಉಳಿದಿದೆ. ಮರುವರ್ಷ ಶುಲ್ಕವೂ ಮತ್ತೆ ಬಂತು. "ಈ ಸಲ" ಅನ್ನುವ ಮಾತು ಉತ್ತರದಲ್ಲಿ ಕಂಡರೆ ಅದೇ ದೂರಿನ ಸಂಖ್ಯೆ ಹಾಕಿ ಮತ್ತೆ ಬರೆಯಿರಿ: "ನನ್ನ ಎರಡನೇ ಕೋರಿಕೆಗೆ ಉತ್ತರ ಬಂದಿಲ್ಲ" ಅಂತ.

ಬ್ಯಾಂಕು ನಿಜವಾಗಿಯೂ ಒಂದು ತಿಂಗಳು ಮುಂಚೆ ನೋಟಿಸ್ ಕಳಿಸಿದ್ದು ತೋರಿಸಿದರೆ ನಿಮ್ಮ ಪತ್ರದ ಬಲ ಅರ್ಧ ಕುಗ್ಗುತ್ತದೆ. ಆಗ ಇನ್ನೊಂದು ದಾರಿ ಇದೆ. ಶುಲ್ಕದ ಬದಲಾವಣೆ ಇಷ್ಟವಿಲ್ಲದವರು ಬಾಕಿ ತೀರಿಸಿ ಕಾರ್ಡು ವಾಪಸ್ ಕೊಡಬಹುದು, ಅದಕ್ಕೆ ಬೇರೆ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಕಾರ್ಡು ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು.

30 ದಿನ ಕಳೆದರೂ ಉತ್ತರ ಇಲ್ಲ, ಇಲ್ಲವೇ ಉತ್ತರ ಒಪ್ಪುವಂತಿಲ್ಲ ಅಂದರೆ cms.rbi.org.in ಗೆ ಹೋಗಿ ಒಂಬುಡ್ಸ್‌ಮನ್‌ಗೆ ದೂರು ಹಾಕಿ. ದುಡ್ಡು ಕಟ್ಟಬೇಕಿಲ್ಲ, ವಕೀಲರು ಬೇಕಿಲ್ಲ. ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಕೇಳಬಹುದು. ಬ್ಯಾಂಕಿಗೆ ಮೊದಲು ಬರೆಯದೆ ನೇರ ಅಲ್ಲಿಗೆ ಹೋದರೆ ದೂರು ತಿರಸ್ಕಾರವಾಗುತ್ತದೆ. ಸೀಲು ಬಿದ್ದ ಪ್ರತಿ, ಇಲ್ಲವೇ ಕಳಿಸಿದ ಇಮೇಲ್, ದೂರಿನ ಸಂಖ್ಯೆಯ ಜೊತೆ ಅಲ್ಲಿ ಲಗತ್ತಿಸಿ.